ಕುಶಲ ಕೇಳಿದವನ ಹೊಣೆ

ಮಾನ್ಯರೆ,

‘ಶರೀರಮಾದ್ಯಂ ಖಲು ಧರ್ಮಸಾಧನಮ್’ ಎಂಬ ಮಾತನ್ನು ನಾವೆಲ್ಲರೂ ವ್ಯಾಯಾಮಶಾಲೆಯ ಗೋಡೆಯ ಮೇಲೋ ಆರೋಗ್ಯದ ಭಾಷಣಗಳಲ್ಲೋ ನೋಡಿದ್ದೇವೆ, ಕೇಳಿದ್ದೇವೆ. ಅದು ಆರೋಗ್ಯಶಾಸ್ತ್ರದ ಸೂತ್ರವಲ್ಲ, ಒಂದು ಕುಶಲಪ್ರಶ್ನೆಯ ಕೊನೆಯ ತುಣುಕು. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಶಿವನು ಬ್ರಹ್ಮಚಾರಿಯ ವೇಷದಲ್ಲಿ ಪಾರ್ವತಿಯ ತಪೋವನಕ್ಕೆ ಬರುತ್ತಾನೆ. ಆಕೆ ಅವನನ್ನು ಸತ್ಕರಿಸುತ್ತಾಳೆ. ಅವನು ಕ್ಷಣಕಾಲ ದಣಿವಾರಿಸಿಕೊಂಡು ಮಾತಿಗೆ ತೊಡಗುತ್ತಾನೆ. ಹೋಮಕ್ಕೆ ಬೇಕಾದ ಸಮಿತ್ತು, ದರ್ಭೆ ಸುಲಭವಾಗಿ ಸಿಗುತ್ತಿವೆಯೆ, ಇಲ್ಲಿಯ ನೀರು ನಿನ್ನ ಸ್ನಾನಕ್ಕೆ ಯೋಗ್ಯವಾಗಿದೆಯೆ, ನಿನ್ನ ಶಕ್ತಿಯನ್ನು ಅರಿತು ತಪಸ್ಸು ಮಾಡುತ್ತಿರುವೆಯಾ ಎಂದು ಕೇಳಿ, ಆ ಮೂರನೆಯ ಪ್ರಶ್ನೆಗೆ ಕಾರಣವಾಗಿ ‘ಧರ್ಮವನ್ನು ಸಾಧಿಸಲು ಶರೀರವೇ ಅಲ್ಲವೆ ಮೊದಲು ಬೇಕಾದದ್ದು’ ಎನ್ನುತ್ತಾನೆ. ನಾವು ಪ್ರಶ್ನೆಯನ್ನು ಬಿಟ್ಟು ಕಾರಣವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಇಂದು ನಾನು ಮಾತನಾಡಬೇಕೆಂದಿರುವುದು ನಾವು ಬಿಟ್ಟ ಆ ಪ್ರಶ್ನೆಯನ್ನು ಕುರಿತು. ‘ಹೇಗಿದ್ದೀರಿ’ ಎಂದು ನಾವು ಈಗ ಕೇಳುವಾಗ ಎದುರಿನವರ ದೇಹಸ್ಥಿತಿಯನ್ನೋ ಮನಃಸ್ಥಿತಿಯನ್ನೋ ಒಟ್ಟಾಗಿ ವಿಚಾರಿಸುತ್ತೇವೆ, ಬಹುಪಾಲು ಉತ್ತರಕ್ಕೂ ಕಾಯುವುದಿಲ್ಲ. ಹಳೆಯ ಗ್ರಂಥಗಳ ಕುಶಲಪ್ರಶ್ನೆ ಹಾಗಿಲ್ಲ. ಎದುರಿನವನ ಬದುಕು ಯಾವ ವಸ್ತುಗಳ ಮೇಲೆ, ಯಾವ ಜನರ ಮೇಲೆ ನಿಂತಿದೆಯೆಂಬುದನ್ನು ಕೇಳುವವನು ಮೊದಲೇ ತಿಳಿದಿರಬೇಕು. ಅವುಗಳನ್ನು ಹೆಸರಿಸಿ ಕೇಳಬೇಕು. ಹಾಗೆ ಕೇಳಿದ ಮೇಲೆ ಅವುಗಳ ಯೋಗಕ್ಷೇಮದಲ್ಲಿ ಅವನಿಗೂ ಒಂದು ಪಾಲು ಹೊಣೆ ಬರುತ್ತದೆ. ಸೌಜನ್ಯವೆಂದರೆ ಮೃದುವಾದ ಮಾತು ಎಂಬುದಕ್ಕಿಂತ ಇದು ಹೆಚ್ಚು ಕಠಿಣವಾದ ಕಲ್ಪನೆ. ಅದರ ಸೊಗಸನ್ನೂ ಅದರ ಕೊರತೆಯನ್ನೂ ಕೆಲವೇ ಪ್ರಸಂಗಗಳ ಮೂಲಕ ನೋಡೋಣ.

ಮೊದಲು ನಿಯಮವನ್ನು ನೋಡಿಬಿಡುವುದು ಒಳ್ಳೆಯದು, ಏಕೆಂದರೆ ಅದು ಅಷ್ಟೇನೂ ಹಿತವಾದದ್ದಲ್ಲ. ಆಪಸ್ತಂಬ ಧರ್ಮಸೂತ್ರದಲ್ಲಿ ‘ಪ್ರಶ್ನ’ವೆಂದು ಕರೆಯುವ ಎರಡು ಭಾಗಗಳ ಪೈಕಿ ಮೊದಲನೆಯದರಲ್ಲಿ, ಅಭಿವಾದನದ ವಿಧಿಗಳು ಮುಗಿಯುವ ಕಡೆಯಲ್ಲಿ, ತನಗಿಂತ ಕಿರಿಯನನ್ನು ಅಥವಾ ಸಮವಯಸ್ಕನನ್ನು ‘ಕುಶಲ’ ಎಂಬ ಮಾತಿನಿಂದ, ಕ್ಷತ್ರಿಯನನ್ನು ‘ಅನಾಮಯ’ ಎಂಬ ಮಾತಿನಿಂದ, ವೈಶ್ಯನನ್ನು ‘ಅನಷ್ಟ’ ಎಂಬ ಮಾತಿನಿಂದ, ಶೂದ್ರನನ್ನು ‘ಆರೋಗ್ಯ’ ಎಂಬ ಮಾತಿನಿಂದ ವಿಚಾರಿಸಬೇಕೆಂದು ಹೇಳಿದೆ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಇದೇ ವಿಷಯ ಒಂದು ಶ್ಲೋಕವಾಗಿ ಬರುತ್ತದೆ: ‘ಬ್ರಾಹ್ಮಣಂ ಕುಶಲಂ ಪೃಚ್ಛೇತ್ ಕ್ಷತ್ರಬಂಧುಮನಾಮಯಮ್ | ವೈಶ್ಯಂ ಕ್ಷೇಮಂ ಸಮಾಗಮ್ಯ ಶೂದ್ರಮಾರೋಗ್ಯಮೇವ ಚ’. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಣ್ಣ ವ್ಯತ್ಯಾಸ ಕಾಣುತ್ತದೆ. ಆಪಸ್ತಂಬನಲ್ಲಿ ‘ಕುಶಲ’ ಎಂಬುದು ವಯಸ್ಸನ್ನು ಹಿಡಿದ ಮಾತು. ಮನುವಿನಲ್ಲಿ ಅದು ವರ್ಣವನ್ನು ಹಿಡಿದ ಮಾತು. ಮನುವಿನ ಪಟ್ಟಿ ಹೆಚ್ಚು ಸಮವಾಗಿದೆ, ಹೆಚ್ಚು ಬಿಗಿಯಾಗಿಯೂ ಇದೆ.

ಈ ಪಟ್ಟಿಯಲ್ಲಿ ವೈಶ್ಯನ ಸಾಲು ನನಗೆ ಹೆಚ್ಚು ಕುತೂಹಲಕರ. ‘ಅನಷ್ಟ’ ಎಂದರೆ ಏನೂ ಕಳೆದುಹೋಗಿಲ್ಲವಷ್ಟೆ ಎಂದು. ದನ ತಪ್ಪಿಸಿಕೊಂಡಿಲ್ಲ, ಸರಕು ದಾರಿಯಲ್ಲಿ ಕಳ್ಳರ ಪಾಲಾಗಿಲ್ಲ, ಕೊಟ್ಟದ್ದು ಮುಳುಗಿಲ್ಲ ತಾನೆ ಎಂಬ ಪ್ರಶ್ನೆ ಅದು. ದನ ಸಾಕುವವನಿಗೂ ವ್ಯಾಪಾರ ಮಾಡುವವನಿಗೂ ನಿದ್ದೆ ಕೆಡಿಸುವ ಸಂಗತಿ ಯಾವುದೆಂದು ಕೇಳುವವನಿಗೆ ಗೊತ್ತಿದೆ. ಅದೇ ಸೂತ್ರಗಳಲ್ಲಿ ಶೂದ್ರನನ್ನು ಆರೋಗ್ಯ ಮಾತ್ರ ಕೇಳಬೇಕೆನ್ನುವುದರ ಹಿಂದೆಯೂ ಒಂದು ‘ತಿಳಿವಳಿಕೆ’ ಇದೆ, ಅದು ಕಹಿಯಾದ ತಿಳಿವಳಿಕೆ: ದುಡಿಮೆಯೇ ಅವನ ಬದುಕು, ದುಡಿಯಲು ಬೇಕಾದದ್ದು ದೇಹ, ಆದ್ದರಿಂದ ದೇಹವನ್ನು ಕೇಳಿದರೆ ಸಾಕು. ಕಳೆದುಕೊಳ್ಳಲು ಅವನಲ್ಲಿ ಬೇರೇನಾದರೂ ಇರಬಹುದೆಂದು ಪ್ರಶ್ನೆಗೆ ಹೊಳೆಯುವುದೇ ಇಲ್ಲ. ಅನಾಮಯವೂ ಆರೋಗ್ಯವೂ ರೋಗವಿಲ್ಲದಿರುವುದನ್ನೇ ಹೇಳುವಾಗ ಕ್ಷತ್ರಿಯನಿಗೊಂದು ಶಬ್ದ, ಶೂದ್ರನಿಗೊಂದು ಶಬ್ದ ಏಕೆ ಎಂದು ಕೇಳಿದರೆ, ಕಿವಿಗೆ ಬಿದ್ದೊಡನೆ ಯಾರು ಯಾರನ್ನು ಮಾತನಾಡಿಸುತ್ತಿದ್ದಾರೆಂದು ಸುತ್ತಲಿನವರಿಗೆ ತಿಳಿಯಲೆಂದೇ ಎನ್ನಬೇಕು. ಪಾಣಿನಿಯ ಒಂದು ಸೂತ್ರವೂ ಇದೇ ಜಾತಿಯದು: ನಮಸ್ಕರಿಸಿದವನಿಗೆ ಹರಸುವಾಗ ವಾಕ್ಯದ ಕೊನೆಯ ಸ್ವರವನ್ನು ಎಳೆದು ಹೇಳಬೇಕು, ಶೂದ್ರನಿಗಾದರೆ ಎಳೆಯಬೇಕಾಗಿಲ್ಲ. ಆದರದ ಅಳತೆ ಸ್ವರದ ಮಾತ್ರೆಯವರೆಗೂ ಇಳಿದಿತ್ತು.

ಆದರೂ ಆಪಸ್ತಂಬನನ್ನು ಇಷ್ಟಕ್ಕೇ ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ. ಈ ನಾಲ್ಕು ಸೂತ್ರಗಳ ಬೆನ್ನಿಗೇ ಅವನು ಎರಡು ಪುಟ್ಟ ಸೂತ್ರಗಳನ್ನು ಸೇರಿಸಿದ್ದಾನೆ. ವೇದ ಬಲ್ಲವನನ್ನು ಮಾತನಾಡಿಸದೆ ದಾಟಿ ಹೋಗಬಾರದು ಎಂಬುದು ಒಂದು. ಕಾಡಿನಲ್ಲಿ ಎದುರಾದ ಹೆಂಗಸನ್ನೂ ಹಾಗೆಯೇ ಎಂಬುದು ಇನ್ನೊಂದು. ವ್ಯಾಖ್ಯಾನಕಾರ ಹರದತ್ತನು ಎರಡನೆಯದನ್ನು ಬಿಡಿಸುತ್ತ, ಆಕೆಯನ್ನು ತಾಯಿಯಂತೆ, ತಂಗಿಯಂತೆ ಮಾತನಾಡಿಸಿ, ನಿನಗೇನು ಮಾಡಲಿ, ಹೆದರಬೇಡ ಎನ್ನಬೇಕೆಂದು ವಿವರಿಸುತ್ತಾನೆ. ಒಂಟಿ ಹೆಣ್ಣಿಗೆ ಕಾಡಿನಲ್ಲಿ ಎದುರಾದ ಗಂಡಸು ಮಾತನಾಡದೆ ಸುಮ್ಮನೆ ಹತ್ತಿರವಾದರೆ ಅದೇ ಭಯ. ಇಲ್ಲಿ ವಿಚಾರಿಸುವುದು ಉಪಚಾರಕ್ಕಲ್ಲ, ನನ್ನಿಂದ ನಿನಗೆ ಅಪಾಯವಿಲ್ಲವೆಂದು ತಿಳಿಸುವುದಕ್ಕೆ.

ನಿಯಮ ಹೀಗಿದ್ದರೆ, ಅದು ಚೆನ್ನಾಗಿ ನಡೆದಾಗ ಹೇಗಿರುತ್ತದೆಂಬುದಕ್ಕೆ ಕಾಳಿದಾಸನದೇ ಆದ ರಘುವಂಶದ ಐದನೆಯ ಸರ್ಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಂತೆ ಇಲ್ಲ. ರಘು ಮಹಾರಾಜ ವಿಶ್ವಜಿತ್ ಯಾಗವನ್ನು ಮುಗಿಸಿದ್ದಾನೆ. ಆ ಯಾಗದ ದಕ್ಷಿಣೆ ಯಜಮಾನನ ಸರ್ವಸ್ವ. ಬೊಕ್ಕಸದಲ್ಲಿ ಏನೂ ಉಳಿದಿಲ್ಲ. ಆ ಹೊತ್ತಿಗೆ ವರತಂತು ಮುನಿಯ ಶಿಷ್ಯ ಕೌತ್ಸನು ಓದು ಮುಗಿಸಿ, ಗುರುದಕ್ಷಿಣೆಯನ್ನು ಅರಸಿಕೊಂಡು ಬರುತ್ತಾನೆ. ಚಿನ್ನದ ಪಾತ್ರೆ ಇಲ್ಲವಾದ್ದರಿಂದ ಅರಸನು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನಿಟ್ಟುಕೊಂಡು ಎದುರುಗೊಳ್ಳುತ್ತಾನೆ. ವಿಧಿಪ್ರಕಾರ ಪೂಜಿಸಿ, ಆಸನದಲ್ಲಿ ಕುಳ್ಳಿರಿಸಿ, ಆಮೇಲೆ ಹತ್ತಿರದಲ್ಲಿ ಕೈಮುಗಿದು ನಿಂತು ಮಾತಿಗೆ ಆರಂಭಿಸುತ್ತಾನೆ. ಈ ಕ್ರಮವನ್ನು ಗಮನಿಸಬೇಕು. ಅದೇ ಕಾವ್ಯದ ಮೊದಲ ಸರ್ಗದಲ್ಲಿ ದಿಲೀಪನು ವಸಿಷ್ಠರ ಆಶ್ರಮಕ್ಕೆ ಹೋದಾಗಲೂ, ರಥದ ಕುಲುಕಾಟದ ಆಯಾಸ ಸತ್ಕಾರದಿಂದ ಕಳೆದ ಮೇಲೆಯೇ ಋಷಿಯು ರಾಜ್ಯದ ಕುಶಲವನ್ನು ಕೇಳುತ್ತಾನೆ. ನಿಂತವನನ್ನು, ಬಾಯಾರಿದವನನ್ನು ಕುಶಲ ಕೇಳುವುದು ಕ್ರಮವಲ್ಲ. ಕಾಲಿಗೆ ನೀರು, ಕುಳಿತುಕೊಳ್ಳಲು ಆಸನ, ಆಮೇಲೆ ಮಾತು.

ರಘುವಿನ ಪ್ರಶ್ನೆಗಳು ಸುಮಾರು ಎಂಟು ಶ್ಲೋಕಗಳಷ್ಟಿವೆ. ಮೊದಲ ಪ್ರಶ್ನೆ ಕೌತ್ಸನದಲ್ಲ, ಅವನ ಗುರುವಿನದು: ನಿನಗೆ ಜ್ಞಾನವಿತ್ತ ಗುರು ಕುಶಲಿಯಾಗಿದ್ದಾರೆಯೆ? ಎರಡನೆಯದು ಗುರುವಿನ ತಪಸ್ಸಿನದು: ಕಾಯ, ವಾಕ್ಕು, ಮನಸ್ಸುಗಳಿಂದ ಕೂಡಿಟ್ಟ ಆ ತಪಸ್ಸು ವಿಘ್ನಗಳಿಂದ ಕ್ಷಯಿಸುತ್ತಿಲ್ಲವಷ್ಟೆ? ಆಮೇಲೆ ಪ್ರಶ್ನೆ ನೆಲಕ್ಕೆ ಇಳಿಯುತ್ತದೆ. ಪಾತಿ ಕಟ್ಟಿ ನೀರೆರೆದು ಮಕ್ಕಳಂತೆ ಬೆಳೆಸಿದ ಮರಗಳು, ಬಂದವರ ಬಳಲಿಕೆಯನ್ನು ಕಳೆಯುವ ಆ ಆಶ್ರಮದ ಮರಗಳು, ಗಾಳಿ ಮುಂತಾದವುಗಳ ಹಾವಳಿಗೆ ಸಿಕ್ಕಿಲ್ಲವಷ್ಟೆ? ಜಿಂಕೆಗಳ ಮರಿಗಳು ಚೆನ್ನಾಗಿವೆಯೆ? ಅವುಗಳ ಹೊಕ್ಕುಳ ಬಳ್ಳಿ ಕಳಚಿ ಬೀಳುವುದು ಮುನಿಗಳ ತೊಡೆಯ ಮೇಲೆ. ಕರ್ಮಕ್ಕೆಂದು ತಂದ ದರ್ಭೆಗೆ ಅವು ಬಾಯಿ ಹಾಕಿದರೂ ಮುನಿಗಳು ಬೇಡವೆನ್ನುವುದಿಲ್ಲ ಎಂಬುದು ಅರಸನಿಗೆ ಗೊತ್ತು. ನೀವು ನಿತ್ಯ ಮೀಯುವ, ಪಿತೃಗಳಿಗೆ ತರ್ಪಣ ಬಿಡುವ ತೀರ್ಥದ ನೀರು ಶುಭವಾಗಿದೆಯೆ? ಕಾಡಿನ ನವಣೆ, ನೀವಾರಗಳನ್ನು ಊರಿನ ದನಗಳು ಬಂದು ಮೇಯುತ್ತಿಲ್ಲವಷ್ಟೆ?

ಈ ಕೊನೆಯ ಎರಡು ಪ್ರಶ್ನೆಗಳ ಹತ್ತಿರ ಸ್ವಲ್ಪ ನಿಲ್ಲೋಣ. ತೀರ್ಥದ ದಂಡೆಯನ್ನು ವರ್ಣಿಸುವಾಗ ಕವಿ ಅಲ್ಲಿಯ ಮರಳಿನ ಮೇಲೆ ‘ಉಂಛದ ಆರನೆಯ ಭಾಗ’ದ ಗುರುತಿದೆ ಎನ್ನುತ್ತಾನೆ. ಕೊಯ್ಲಾದ ಮೇಲೆ ನೆಲದಲ್ಲಿ ಉದುರಿದ ಕಾಳನ್ನು ಆಯ್ದುಕೊಂಡು ಬದುಕುವುದು ಉಂಛವೃತ್ತಿ. ಅಂಥ ಬಡ ಸಂಪಾದನೆಯಲ್ಲೂ ಆರರಲ್ಲೊಂದು ಪಾಲನ್ನು ಮುನಿಗಳು ರಾಜನಿಗೆಂದು ಮರಳದಿಣ್ಣೆಯ ಮೇಲೆ ಎತ್ತಿಡುತ್ತಾರೆ. ಆರನೆಯ ಒಂದು ಪಾಲು ರಾಜನ ತೆರಿಗೆ. ತೆರಿಗೆ ಪಡೆದವನು ರಕ್ಷಣೆ ಕೊಡಬೇಕು. ಎಂದರೆ ನೀರು ಹೇಗಿದೆ ಎಂದು ಕೇಳುವ ಅದೇ ಉಸಿರಿನಲ್ಲಿ ರಘು, ನಿಮ್ಮ ತೆರಿಗೆ ನನಗೆ ಸಲ್ಲುತ್ತಿದೆ, ಆದ್ದರಿಂದ ಆ ನೀರು ಕೆಟ್ಟರೆ ತಪ್ಪು ನನ್ನದು ಎಂದೂ ಹೇಳಿದಂತಾಯಿತು. ದನಗಳ ವಿಷಯವೂ ಹಾಗೆಯೇ. ಊರವರ ದನ ಕಾಡಿನ ಬೆಳೆಗೆ ನುಗ್ಗದಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ. ತಪಸ್ವಿ ದೊಣ್ಣೆ ಹಿಡಿದು ಕಾಯುತ್ತ ಕೂರಲಾರ. ಆ ಕಾಳಿನಲ್ಲಿ ಹೊತ್ತಿಗೆ ಬಂದ ಅತಿಥಿಗೂ ಪಾಲಿದೆ ಎಂದು ಕವಿ ಸೇರಿಸುವುದರಿಂದ, ದನ ಮೇಯ್ದರೆ ಕೆಡುವುದು ಮುನಿಯ ಊಟ ಮಾತ್ರವಲ್ಲ, ಮುನಿಯ ಆತಿಥ್ಯವೂ ಹೌದು. ಇದು ಕವಿಯ ವರ್ಣನೆಯ ಚಪಲವಲ್ಲ. ಆಡಳಿತಗಾರನೊಬ್ಬ ತನ್ನ ಕರ್ತವ್ಯದ ಪಟ್ಟಿಯನ್ನು ಅತಿಥಿಯ ಮುಂದೆ ತಾನೇ ಓದಿ, ಎಲ್ಲಿಯಾದರೂ ಲೋಪವಿದ್ದರೆ ಹೇಳು ಎಂದು ಕೇಳುತ್ತಿದ್ದಾನೆ.

ಇಷ್ಟಾದ ಮೇಲೆ ಪ್ರಶ್ನೆ ಅತಿಥಿಯ ಕಡೆಗೆ ತಿರುಗುತ್ತದೆ. ಗುರುಗಳು ಪ್ರಸನ್ನರಾಗಿ ನಿನ್ನನ್ನು ಗೃಹಸ್ಥಾಶ್ರಮಕ್ಕೆ ಬೀಳ್ಕೊಟ್ಟರೆ? ನಿನಗೆ ಅದರ ಕಾಲ ಬಂದಿದೆಯಲ್ಲ. ಕೊನೆಗೆ: ನೀನು ಬಂದದ್ದರಿಂದಷ್ಟೇ ನನಗೆ ತೃಪ್ತಿಯಿಲ್ಲ, ಏನಾದರೂ ಅಪ್ಪಣೆಯಾಗಲೆಂದು ಮನಸ್ಸು ಕಾತರಿಸುತ್ತಿದೆ, ಗುರುವಿನ ಆಜ್ಞೆಯಿಂದ ಬಂದೆಯೋ, ನೀನಾಗಿ ಬಂದೆಯೋ? ಗೊತ್ತಿರುವ ಸಂಗತಿಗಳನ್ನೆಲ್ಲ ಹೆಸರಿಸಿ ಮುಗಿಸಿದ ಮೇಲೆ, ತನಗೆ ಗೊತ್ತಿಲ್ಲದ್ದಕ್ಕೆ ಬಾಗಿಲು ತೆರೆದಿಡುವ ಪ್ರಶ್ನೆ ಇದು.

ಕೌತ್ಸನ ಉತ್ತರ ಇನ್ನೂ ಸೂಕ್ಷ್ಮವಾಗಿದೆ. ಎಲ್ಲ ಕಡೆಯೂ ನಮಗೆ ಕುಶಲವೇ, ನೀನು ಒಡೆಯನಾಗಿರುವಾಗ ಪ್ರಜೆಗಳಿಗೆ ಅಶುಭವೆಲ್ಲಿಯದು ಎಂದು ಅವನು ಹೇಳುತ್ತಾನೆ. ಆದರೆ ಅವನ ಕಣ್ಣು ಆಗಲೇ ಮಣ್ಣಿನ ಪಾತ್ರೆಯನ್ನು ನೋಡಿದೆ, ಅರಸನ ಬೊಕ್ಕಸ ಬರಿದಾಗಿದೆಯೆಂದು ಅದರಿಂದಲೇ ಊಹಿಸಿದೆ. ಕೇಳಿದರೆ ಇಲ್ಲವೆನ್ನಬೇಕಾದ ಕಷ್ಟಕ್ಕೆ ಆತಿಥೇಯನನ್ನು ಸಿಕ್ಕಿಸಬಾರದೆಂಬುದು ಅತಿಥಿಯ ಸೌಜನ್ಯ. ಆದ್ದರಿಂದ ತಡವಾಗಿ ಬಂದೆ ಎಂದು ವಿಷಾದಿಸಿ, ನೀರೆಲ್ಲ ಸುರಿದು ಬರಿದಾದ ಶರತ್ಕಾಲದ ಮೋಡವನ್ನು ಚಾತಕಪಕ್ಷಿ ಕೂಡ ಬೇಡುವುದಿಲ್ಲ ಎಂದು ಹರಸಿ ಹೊರಡಲು ಸಿದ್ಧನಾಗುತ್ತಾನೆ. ಇಲ್ಲಿ ಉಪಚಾರ ಮುಗಿಯಬಹುದಾಗಿತ್ತು. ಇಬ್ಬರೂ ಮರ್ಯಾದೆಯಿಂದ ನಡೆದುಕೊಂಡಿದ್ದರು. ರಘು ಅವನನ್ನು ತಡೆದು ಕೇಳುವ ಮಾತು ಅಲಂಕಾರವಿಲ್ಲದ್ದು: ಗುರುವಿಗೆ ಕೊಡಬೇಕಾದ ವಸ್ತು ಯಾವುದು, ಎಷ್ಟು? ಆಗ ಕೌತ್ಸನು ನಡೆದದ್ದನ್ನು ಹೇಳುತ್ತಾನೆ. ಭಕ್ತಿಯೇ ಸಾಕೆಂದ ಗುರುವನ್ನು ತಾನು ಪದೇ ಪದೇ ಒತ್ತಾಯಿಸಿದ್ದರಿಂದ ಅವರು ಸಿಟ್ಟಾಗಿ, ಕಲಿಸಿದ 14 ವಿದ್ಯೆಗಳ ಲೆಕ್ಕಕ್ಕೆ 14 ಕೋಟಿ ತಾ ಎಂದರು. ರಘು ಅವನನ್ನು ತನ್ನ ಅಗ್ನಿಗೃಹದಲ್ಲಿ ಎರಡು ಮೂರು ದಿನ ಉಳಿಯಲು ಕೇಳಿಕೊಳ್ಳುತ್ತಾನೆ. ಬೇಡಲು ಬಂದವನೊಬ್ಬ ರಘುವಿನಲ್ಲಿ ಸಿಗದೆ ಬೇರೊಬ್ಬ ದಾನಿಯ ಕಡೆಗೆ ಹೋದ ಎಂಬ ಹೊಸ ಅಪವಾದ ತನಗೆ ಬರಬಾರದು ಎನ್ನುತ್ತಾನೆ. ಮುಂದೆ ಕುಬೇರನ ಮೇಲೆ ದಂಡೆತ್ತಿ ಹೋಗಲು ಅವನು ಅಣಿಯಾದದ್ದು, ಬೆಳಗಾಗುವಷ್ಟರಲ್ಲಿ ಬೊಕ್ಕಸದಲ್ಲಿ ಚಿನ್ನದ ಮಳೆ ಸುರಿದದ್ದು ಎಲ್ಲರೂ ಬಲ್ಲ ಕಥೆ. ನನಗೆ ಮುಖ್ಯವಾಗಿ ಕಾಣುವುದು ಆ ಮಳೆಯಲ್ಲ; ‘ಏನು, ಎಷ್ಟು’ ಎಂಬ ಒಣ ಪ್ರಶ್ನೆ. ಕುಶಲಪ್ರಶ್ನೆಗೆ ಎಲ್ಲವೂ ಕುಶಲವೆಂದು ಉತ್ತರ ಬಂದ ಮೇಲೂ ಅದನ್ನು ನಂಬದಿರುವುದು, ಉತ್ತರದ ಹಿಂದೆ ಬಿದ್ದು ವಿಚಾರಿಸುವುದು, ಈ ಸೌಜನ್ಯದ ಭಾಗವೇ ಆಗಿದೆ.

ಇದೇ ಕವಿ ಇದೇ ಆಚಾರವು ಸೋಲುವುದನ್ನೂ ತೋರಿಸಿದ್ದಾನೆ. ಶಾಕುಂತಲ ನಾಟಕದ ಐದನೆಯ ಅಂಕದಲ್ಲಿ ಶಕುಂತಲೆಯನ್ನು ಕರೆತಂದ ಕಣ್ವರ ಶಿಷ್ಯರು ಬಂದಿದ್ದಾರೆಂದು ತಿಳಿದಾಗ ದುಷ್ಯಂತನು ಅವರನ್ನು ಅಗ್ನಿಗೃಹದಲ್ಲಿ ಎದುರುಗೊಳ್ಳಲು ಹೋಗಿ, ಇವರು ಏಕೆ ಬಂದಿರಬಹುದೆಂದು ತನ್ನೊಳಗೇ ಲೆಕ್ಕ ಹಾಕುತ್ತಾನೆ. ಮುನಿಗಳ ತಪಸ್ಸಿಗೆ ವಿಘ್ನ ಬಂತೆ? ತಪೋವನದ ಪ್ರಾಣಿಗಳಿಗೆ ಯಾರಾದರೂ ಕೇಡು ಮಾಡಿದರೆ? ಅಥವಾ ನನ್ನ ಯಾವುದೋ ತಪ್ಪು ನಡತೆಯಿಂದ ಬಳ್ಳಿಗಳು ಹೂ ಕಾಯಿ ಬಿಡದೆ ನಿಂತುಹೋದವೆ? ನೋಡಿ, ಇದು ರಘುವಿನ ಪಟ್ಟಿಯೇ. ತಪಸ್ಸು, ಪ್ರಾಣಿ, ಗಿಡ. ಬಳ್ಳಿ ಫಲಿಸದಿದ್ದರೂ ಅದು ರಾಜನ ಲೋಪ ಎಂಬಷ್ಟರ ಮಟ್ಟಿಗೆ ಅವನು ಹೊಣೆಯನ್ನು ಒಪ್ಪಿಕೊಂಡಿದ್ದಾನೆ. ಮುನಿಗಳು ಎದುರಿಗೆ ಬಂದಾಗಲೂ ಕ್ರಮ ತಪ್ಪುವುದಿಲ್ಲ. ತಪಸ್ಸು ನಿರ್ವಿಘ್ನವಾಗಿದೆಯೆ ಎಂದು ಅವನು ಕೇಳುತ್ತಾನೆ. ನೀನು ರಕ್ಷಕನಾಗಿರುವಾಗ ವಿಘ್ನವೆಲ್ಲಿ, ಸೂರ್ಯ ಬೆಳಗುವಾಗ ಕತ್ತಲೆ ಹೇಗೆ ಬಂದೀತು ಎಂದು ಅವರು ಉತ್ತರಿಸುತ್ತಾರೆ. ಕಾಶ್ಯಪರು, ಎಂದರೆ ಕಣ್ವರು, ಕುಶಲಿಯೆ ಎಂದರೆ, ಸಿದ್ಧಿ ಪಡೆದವರ ಕುಶಲ ಅವರ ಕೈಯಲ್ಲೇ ಇದೆ ಎನ್ನುತ್ತಾರೆ. ಗುರುಗಳು ಅರಸರಾದ ತಮ್ಮ ಅನಾಮಯವನ್ನು ಕೇಳಿ ಹೀಗೆ ಹೇಳಿಕಳಿಸಿದ್ದಾರೆ ಎಂದು ಮುಂದುವರಿಸುತ್ತಾರೆ. ಋಷಿಗೆ ಕುಶಲ, ಅರಸನಿಗೆ ಅನಾಮಯ: ಮನುವಿನ ಪಟ್ಟಿಯನ್ನು ಇಬ್ಬರೂ ಅಕ್ಷರ ತಪ್ಪದೆ ಪಾಲಿಸಿದ್ದಾರೆ.

ಎಲ್ಲವೂ ಸರಿಯಾಗಿದೆ, ಮರುಕ್ಷಣದಲ್ಲಿ ಎಲ್ಲವೂ ಮುರಿಯುತ್ತದೆ. ಮದುವೆಯಾದ ಗರ್ಭಿಣಿಯನ್ನು ಸ್ವೀಕರಿಸು ಎಂಬ ಸಂದೇಶಕ್ಕೆ ಅರಸನು ಇದೇನಿದು ಎನ್ನುತ್ತಾನೆ. ಅವನ ಪಟ್ಟಿಯಲ್ಲಿ ತಪಸ್ಸಿತ್ತು, ಜಿಂಕೆಯಿತ್ತು, ಬಳ್ಳಿಯಿತ್ತು; ಮುಸುಕು ಹಾಕಿಕೊಂಡು ಎದುರಿಗೇ ನಿಂತಿದ್ದ ಹೆಣ್ಣು ಇರಲಿಲ್ಲ. ಅವನನ್ನು ದೂರುವ ಮೊದಲು ಶಾಪದ ಮಾತು ಬರುತ್ತದೆ, ಬರಲೇಬೇಕು. ಆ ಶಾಪಕ್ಕೆ ಕಾರಣವೂ ಒಂದು ಆತಿಥ್ಯವೇ. ಮೊದಲ ಅಂಕದಲ್ಲಿಯೇ, ಕಣ್ವರು ಅತಿಥಿಸತ್ಕಾರದ ಕೆಲಸವನ್ನು ಶಕುಂತಲೆಗೆ ವಹಿಸಿ ಸೋಮತೀರ್ಥಕ್ಕೆ ಹೋಗಿದ್ದಾರೆಂದು ವೈಖಾನಸನು ಹೇಳುತ್ತಾನೆ. ದುಷ್ಯಂತನು ‘ತಪಸ್ಸು ವೃದ್ಧಿಯಾಗುತ್ತಿದೆಯೆ’ ಎಂದು ಅವಳನ್ನೇ ಕೇಳಿದಾಗ ಅವಳು ನಾಚಿ ಸುಮ್ಮನಾಗುತ್ತಾಳೆ. ತಮ್ಮಂಥ ಅತಿಥಿ ದೊರೆತದ್ದರಿಂದ ಈಗ ವೃದ್ಧಿಯಾಯಿತು ಎಂದು ಉತ್ತರಿಸುವವಳು ಅವಳ ಗೆಳತಿ ಅನಸೂಯೆ. ನಾಲ್ಕನೆಯ ಅಂಕದಲ್ಲಿ ದೂರ್ವಾಸರು ಬಂದಾಗ ಶಕುಂತಲೆಗೆ ಎಚ್ಚರವೇ ಇಲ್ಲ, ಅವರು ಅವಳನ್ನು ಕರೆಯುವುದೇ ಅತಿಥಿಯನ್ನು ತಿರಸ್ಕರಿಸಿದವಳೆ ಎಂದು. ಕೇಳದೆ ಹೋದ ಒಂದು ಸ್ವಾಗತದಿಂದ ಹುಟ್ಟಿದ ಮರೆವು, ಸಾಂಗವಾಗಿ ಕೇಳಿದ ಕುಶಲಪ್ರಶ್ನೆಯ ನಡುವೆ ಬಂದು ಬಡಿಯುತ್ತದೆ. ಶಾಪ ತುಸು ಹೆಚ್ಚಾಯಿತೆಂದು ನನಗೂ ಅನ್ನಿಸುತ್ತದೆ. ಆದರೆ ನಾಟಕದ ಕಟ್ಟಡ ಮಾತ್ರ ಬಹಳ ಬಿಗಿಯಾದದ್ದು.

ಹೊಣೆಯಿಲ್ಲದೆ ಕೇಳಿದರೆ ಆಚಾರ ಬರಿದಾಗುತ್ತದೆ ಎಂಬುದು ಒಂದು ಮುಖವಾದರೆ, ಕೇಳುವ ಮಾತೇ ಹೊಣೆಯನ್ನು ಎದುರಾಳಿಯ ಮೇಲೆ ಹೊರಿಸುವ ಸಾಧನವಾಗುವುದು ಇನ್ನೊಂದು ಮುಖ. ಮಹಾಭಾರತದ ಉದ್ಯೋಗಪರ್ವದಲ್ಲಿ ಸಂಜಯನು ಧೃತರಾಷ್ಟ್ರನ ದೂತನಾಗಿ ಪಾಂಡವರು ತಂಗಿದ್ದ ಉಪಪ್ಲವ್ಯಕ್ಕೆ ಬಂದು, ರಾಜ್ಯದ ಮಾತನ್ನೆತ್ತದೆ ಶಾಂತಿಯ ಮಾತನ್ನಷ್ಟೇ ಆಡಿ ಹೊರಡುತ್ತಾನೆ. ಆಗ ಯುಧಿಷ್ಠಿರನು ಹಸ್ತಿನಾವತಿಯಲ್ಲಿ ಯಾರು ಯಾರನ್ನು ತನ್ನ ಹೆಸರಿನಲ್ಲಿ ಕುಶಲ ಕೇಳಬೇಕೆಂದು ಒಂದು ಅಧ್ಯಾಯದುದ್ದಕ್ಕೂ ಹೇಳಿ ಕಳಿಸುತ್ತಾನೆ. ಬ್ರಾಹ್ಮಣರು, ಆಚಾರ್ಯರು, ಹಿರಿಯರು, ಸೋದರಸಂಬಂಧಿಗಳು ಎಂದು ಪಟ್ಟಿ ಸಾಗುತ್ತದೆ. ತಮ್ಮನ್ನು ಜೂಜಿನಲ್ಲಿ ಕೆಡಿಸಿದ ಶಕುನಿಯನ್ನೂ ಅವನು ಬಿಡುವುದಿಲ್ಲ: ವಂಚನೆಯಲ್ಲಿ ಎರಡನೆಯವನಿಲ್ಲದ, ಸುಳ್ಳು ಬುದ್ಧಿಯ ಆ ಗಾಂಧಾರರಾಜನನ್ನು ಕುಶಲ ಕೇಳು, ಅಯ್ಯಾ. ಕರ್ಣನನ್ನು, ಮೋಹಗೊಂಡವರನ್ನು ಮತ್ತಷ್ಟು ಮೋಹಗೊಳಿಸುವುದರಲ್ಲಿ ಸಾಟಿಯಿಲ್ಲದವನೆಂದು ಹೆಸರಿಸಿ ಅವನ ಕುಶಲವನ್ನೂ ಕೇಳಿಸುತ್ತಾನೆ. ವಿದುರನಿಗೆ ಮಾತ್ರ ಭಾಷೆ ಬದಲಾಗುತ್ತದೆ. ಅವನೇ ಗುರು, ಅವನೇ ತಂದೆ, ಅವನೇ ತಾಯಿ, ಅವನೇ ಗೆಳೆಯ ಎನ್ನುತ್ತಾನೆ. ಪ್ರಶ್ನೆ ಎಲ್ಲರಿಗೂ ಒಂದೇ, ವಿಶೇಷಣಗಳಲ್ಲಿ ತೀರ್ಪಿದೆ. ಶತ್ರುವಿನ ಕುಶಲವನ್ನು ಕೇಳದಿರುವುದು ಅಸಭ್ಯತೆ, ಅವನ ಗುಣವನ್ನು ಮುಚ್ಚಿಟ್ಟು ಕೇಳುವುದು ಸುಳ್ಳು. ಯುಧಿಷ್ಠಿರನು ಎರಡನ್ನೂ ಮಾಡದೆ ದಾರಿ ಹುಡುಕಿದ್ದಾನೆ.

ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಅರಮನೆಯ ಹಿರಿಯ ಹೆಂಗಸರನ್ನು, ಸೊಸೆಯರನ್ನು, ಅಲಂಕಾರ ಮಾಡಿಕೊಂಡ ವೇಶ್ಯೆಯರನ್ನು ಕುಶಲ ಕೇಳು ಎನ್ನುತ್ತಾನೆ. ದಾಸರನ್ನು, ದಾಸಿಯರ ಮಕ್ಕಳನ್ನು, ಅಲ್ಲಿ ಆಶ್ರಯ ಪಡೆದ ಗೂನರನ್ನು, ಕುಂಟರನ್ನು, ಕುರುಡರನ್ನು, ಮುದುಕರನ್ನು ನೆನೆಯುತ್ತಾನೆ. ನಾನು ಕುಶಲವಾಗಿದ್ದೇನೆಂದು ಅವರಿಗೆ ಮೊದಲು ತಿಳಿಸಿ, ಆಮೇಲೆ ಅವರ ಅನಾಮಯವನ್ನು ಕೇಳು. ಅವರಿಗೆ ಹಿಂದೆ ಸಲ್ಲುತ್ತಿದ್ದ ಜೀವನಾಂಶ ಈಗಲೂ ಸಲ್ಲುತ್ತಿದೆಯೆ ಎಂದು ವಿಚಾರಿಸು. ಹೆದರಬೇಡಿ, ಮುಂದೆ ಬಟ್ಟೆ ಅನ್ನಗಳಿಂದ ನಿಮ್ಮನ್ನು ಸಾಕುತ್ತೇನೆಂದು ನನ್ನ ಮಾತಾಗಿ ಹೇಳು. ಮನುವಿನ ಪಟ್ಟಿಯಲ್ಲಿ ಅರಸುಕುಲಕ್ಕೆ ಮೀಸಲಾದ ಅನಾಮಯ ಎಂಬ ಶಬ್ದ ಇಲ್ಲಿ ದಾಸರಿಗೆ ಬಳಕೆಯಾಗಿದೆ. ಹಾಗೆಂದು ಸಮಾನತೆ ಬಂದುಬಿಟ್ಟಿತೆಂದು ತಿಳಿಯಬಾರದು, ಏಕೆಂದರೆ ಅವರನ್ನು ಎಲ್ಲರಿಗಿಂತ ಕೊನೆಯಲ್ಲಿ ಕೇಳು ಎಂದೂ ಶ್ಲೋಕದಲ್ಲೇ ಹೇಳಿದೆ. ಆದರೂ ಪ್ರಶ್ನೆಯ ಮೊನೆಯನ್ನು ನೋಡಬೇಕು. ದುರ್ಯೋಧನನ ಆಳ್ವಿಕೆಯಲ್ಲಿ ಕೈಲಾಗದವರ ಜೀವನಾಂಶ ನಡೆಯುತ್ತಿದೆಯೆ ಎಂದು ರಾಜ್ಯ ಕಳೆದುಕೊಂಡವನು ದೂತನ ಮೂಲಕ ಆ ಜನರನ್ನೇ ಕೇಳಿಸುವುದೆಂದರೆ, ಅವರ ಒಡೆಯ ನಾನೇ ಎಂದು ಸಾರಿದಂತೆಯೇ. ಇದಾದ ಮೇಲೆಯೇ ಐದು ಹಳ್ಳಿಗಳ ಬೇಡಿಕೆ ಬರುತ್ತದೆ.

ಈವರೆಗೆ ನೋಡಿದ ಯಾವ ಪ್ರಸಂಗದಲ್ಲೂ ಯಾರೂ ‘ಕುಶಲವಿಲ್ಲ’ ಎಂದು ಉತ್ತರಿಸಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಕೌತ್ಸನು ಇಕ್ಕಟ್ಟಿನಲ್ಲಿದ್ದೂ ಎಲ್ಲವೂ ಕುಶಲವೆಂದ. ಬೌದ್ಧರ ಪಾಲಿ ಗ್ರಂಥಗಳಲ್ಲಿ ಇದು ಬೇರೆಯಾಗುತ್ತದೆ. ದೂರದಿಂದ ಬಂದ ಭಿಕ್ಷುವನ್ನು ಬುದ್ಧನು ಕೇಳುವ ಪ್ರಶ್ನೆಗಳು ವಿನಯಪಿಟಕದಲ್ಲಿ ಮತ್ತೆ ಮತ್ತೆ ಒಂದೇ ರೂಪದಲ್ಲಿ ಬರುತ್ತವೆ: ತಾಳಿಕೊಳ್ಳುವಂತಿದೆಯೆ, ದಿನ ಸಾಗುತ್ತಿದೆಯೆ, ದಾರಿಯಲ್ಲಿ ಹೆಚ್ಚು ಬಳಲದೆ ಬಂದೆಯಾ, ಭಿಕ್ಷೆಗೆ ತೊಂದರೆಯಾಗಲಿಲ್ಲವಷ್ಟೆ? ಹುಟ್ಟಿದ ಕುಲಕ್ಕೆ ತಕ್ಕಂತೆ ಶಬ್ದ ಬದಲಾಗುವುದಿಲ್ಲ. ನಡೆದು ಬಂದ ಭಿಕ್ಷುವಿಗೆ ಬೇಕಾದದ್ದು ಕಾಲು ಮತ್ತು ಊಟ, ಅವುಗಳನ್ನೇ ಕೇಳುವುದು. ಸಂಯುತ್ತನಿಕಾಯದಲ್ಲಿ ವಕ್ಕಲಿ ಎಂಬ ಭಿಕ್ಷು ರಾಜಗೃಹದ ಒಬ್ಬ ಕುಂಬಾರನ ಮನೆಯಲ್ಲಿ ಕಾಯಿಲೆಯಾಗಿ ಮಲಗಿದ್ದಾನೆ. ಬುದ್ಧನು ಬರುತ್ತಿರುವುದನ್ನು ಕಂಡು ಹಾಸಿಗೆಯಿಂದ ಏಳಲು ಹೊರಳಾಡುತ್ತಾನೆ. ಬೇಡ, ವಕ್ಕಲಿ, ಅಲುಗಾಡಬೇಡ, ಇಲ್ಲಿ ಆಸನಗಳಿವೆ, ನಾನು ಅಲ್ಲೇ ಕುಳಿತುಕೊಳ್ಳುತ್ತೇನೆ ಎಂದು ಬುದ್ಧನು ಕುಳಿತು, ತಾಳಿಕೊಳ್ಳುವಂತಿದೆಯೆ, ನೋವು ಕಡಿಮೆಯಾಗುತ್ತಿದೆಯೆ ಎಂದು ಕೇಳುತ್ತಾನೆ. ಇಲ್ಲ, ತಾಳಿಕೊಳ್ಳುವಂತಿಲ್ಲ, ನೋವು ಹೆಚ್ಚುತ್ತಲೇ ಇದೆ, ಕಡಿಮೆಯಾಗುತ್ತಿಲ್ಲ ಎಂದು ವಕ್ಕಲಿ ಉತ್ತರಿಸುತ್ತಾನೆ. ಇಲ್ಲವೆಂದು ಹೇಳುವುದಕ್ಕೂ ಆ ಗ್ರಂಥಗಳಲ್ಲಿ ಸಿದ್ಧವಾದ ವಾಕ್ಯವಿದೆ, ಬೇರೆ ರೋಗಿಗಳ ಬಾಯಲ್ಲೂ ಅದೇ ಬರುತ್ತದೆ. ಉಪಚಾರದ ಪ್ರಶ್ನೆಗೆ ನಿಜವನ್ನೇ ಹೇಳಬಹುದೆಂಬುದೂ ಒಂದು ಕಟ್ಟಳೆಯಾಗಿತ್ತು.

ಕನ್ನಡಕ್ಕೆ ಬಂದರೆ, ಈ ಇಡೀ ಪರಂಪರೆಯನ್ನು ಬಲ್ಲವರಂತೆಯೂ ಅದರ ಜೊತೆ ಜಗಳಕ್ಕೆ ನಿಂತವರಂತೆಯೂ ಮಾತನಾಡಿದವರು ಬಸವಣ್ಣನವರು. ‘ಏನಿ ಬಂದಿರಿ, ಹದುಳವಿದ್ದಿರೆ ಎಂದಡೆ ನಿಮ್ಮ ಮೈಸಿರಿ ಹಾರಿ ಹೋಹುದೆ? ಕುಳ್ಳಿರೆಂದಡೆ ನೆಲ ಕುಳಿಹೋಹುದೆ? ಒಡನೆ ನುಡಿದಡೆ ಸಿರ ಹೊಟ್ಟೆ ಒಡೆವುದೆ? ಕೊಡಲಿಲ್ಲದಿದ್ದಡೊಂದು ಗುಣವಿಲ್ಲದಿದ್ದಡೆ ಕೆಡಹಿ ಮೂಗ ಕೊಯ್ವುದ ಮಾಬನೆ ಕೂಡಲಸಂಗಮದೇವಯ್ಯ’. ಧರ್ಮಸೂತ್ರಗಳಲ್ಲಿ ಬಡವನ ಆತಿಥ್ಯಕ್ಕೆ ಒಂದು ಸೂತ್ರವಿದೆ: ಏನೂ ಇಲ್ಲದಿದ್ದರೂ ಕೂರಲು ನೆಲ, ನೀರು, ಹುಲ್ಲು, ಒಳ್ಳೆಯ ಮಾತು, ಈ ನಾಲ್ಕು ಸಜ್ಜನರ ಮನೆಯಲ್ಲಿ ಎಂದೂ ಬತ್ತುವುದಿಲ್ಲ. ವಚನವು ಅದೇ ಕನಿಷ್ಠದ ಲೆಕ್ಕವನ್ನು ಹಿಡಿದಿದೆ, ನೆಲವನ್ನೂ ಮಾತನ್ನೂ ಉಳಿಸಿಕೊಂಡಿದೆ. ಬದಲಾಗಿರುವುದು ಮಾತಿನ ದಿಕ್ಕು. ಸೂತ್ರವು ಇಲ್ಲದವನಿಗೆ ಸಮಾಧಾನ ಹೇಳುತ್ತಿತ್ತು. ವಚನವು ಮೈಸಿರಿಯುಳ್ಳವನನ್ನು ನಿಲ್ಲಿಸಿ ಕೇಳುತ್ತದೆ. ಬಂದವರು ಯಾವ ಕುಲದವರು, ಅವರಿಗೆ ಯಾವ ಶಬ್ದ ಸಲ್ಲುತ್ತದೆ ಎಂಬ ವಿಚಾರಣೆಯೇ ಅಲ್ಲಿಲ್ಲ. ಯಾರೇ ಬರಲಿ, ಹದುಳ ಎಂಬ ಒಂದೇ ಮಾತು. ಶಿಕ್ಷೆಯ ವಿಷಯದಲ್ಲೂ ಅಂತರವಿದೆ. ಸತ್ಕಾರವಿಲ್ಲದೆ ಮನೆಯಲ್ಲಿ ತಂಗಿದ ಬ್ರಾಹ್ಮಣ ಅತಿಥಿಯು ಆತಿಥೇಯನ ಪುಣ್ಯವನ್ನೆಲ್ಲ ತೆಗೆದುಕೊಂಡು ಹೋಗುತ್ತಾನೆಂದು ಮನು ಹೆದರಿಸುತ್ತಾನೆ. ಪುಣ್ಯ ಹೋದದ್ದು ನೆರೆಹೊರೆಯವರ ಕಣ್ಣಿಗೆ ಕಾಣುವುದಿಲ್ಲ. ಬಸವಣ್ಣನವರು 12ನೆಯ ಶತಮಾನದ ಕಲ್ಯಾಣದ ಸಿರಿವಂತರಿಗೆ ಗೊತ್ತುಮಾಡಿದ್ದು ಎಲ್ಲರಿಗೂ ಕಾಣುವ ಮೂಗನ್ನು.